ಚಿನ್ನಿಯ ಚರ್ಮ ವಾಸಿಯಾಗುವಾಗ ಪ್ರತಿ ಭಾನುವಾರ ತೆಗೆದ ಫೋಟೋಗಳು

ನಮ್ಮ ಚಿನ್ನಿ ಬೀದಿಯಿಂದ ಬಂದ ಕಂದು ಬಣ್ಣದ ಹೆಣ್ಣು ನಾಯಿಮರಿ. ಐದು ತಿಂಗಳಿದ್ದಾಗ ಎಡಗಣ್ಣಿನ ಸುತ್ತ ಕೂದಲು ಉದುರಿತು. ಆಮೇಲೆ ಬಲ ಮುಂಗಾಲು ಪೂರ್ತಿ ಬೋಳಾಗಿ, ಕೆಂಪಾಗಿ, ಸಣ್ಣ ಸಣ್ಣ ಗುಳ್ಳೆ ಎದ್ದವು. ಡಾಕ್ಟರ್ ಮೇಡಂ ಚರ್ಮವನ್ನು ಬ್ಲೇಡಿನಿಂದ ಕೆರೆದು ಮೈಕ್ರೋಸ್ಕೋಪಿನಲ್ಲಿ ನೋಡಿ ಡೆಮೊಡೆಕ್ಸ್ ಅಂದರು. ಕೂದಲಿನ ಬುಡದಲ್ಲಿ ಇರುವ ನುಸಿ ಅದು. ಹುಟ್ಟಿದ ಮೊದಲ ದಿನಗಳಲ್ಲೇ ತಾಯಿಯಿಂದ ಮರಿಗೆ ಬರುತ್ತದೆ, ನಮಗೆ ಅಂಟುವುದಿಲ್ಲ. ತಿಂಗಳಿಗೊಂದು ಮಾತ್ರೆ ಮತ್ತು ವಾರಕ್ಕೊಮ್ಮೆ ಕ್ಲೋರ್‌ಹೆಕ್ಸಿಡಿನ್ ಶಾಂಪೂ ಸ್ನಾನ ಹೇಳಿದರು. ನೊರೆ ಹತ್ತು ನಿಮಿಷ ಮೈಮೇಲೆ ಇರಬೇಕು, ಆಮೇಲೆ ತೊಳೆಯಬೇಕು.

ಹದಿನೈದು ದಿನ ಬಿಟ್ಟು ಹೋದಾಗ ಮೇಡಂ "ಕಡಿಮೆ ಆಗಿದೆಯಾ?" ಅಂತ ಕೇಳಿದರು. ನಾನು ಆಗಿದೆ ಅಂದೆ, ಅಮ್ಮ ಇಲ್ಲ, ಜಾಸ್ತಿ ಆಗಿದೆ ಅಂದರು. ಫೋನಿನಲ್ಲಿ ಫೋಟೋ ಇದ್ದವು, ಆದರೆ ಒಂದು ರಾತ್ರಿ ಫ್ಲ್ಯಾಶ್ ಹಾಕಿ ತೆಗೆದದ್ದು, ಇನ್ನೊಂದು ಬಿಸಿಲಿನಲ್ಲಿ ಅವಳು ಓಡುವಾಗ ತೆಗೆದದ್ದು. ಎರಡನ್ನೂ ಪಕ್ಕದಲ್ಲಿಟ್ಟರೆ ಏನೂ ಗೊತ್ತಾಗಲಿಲ್ಲ. ಅವತ್ತೇ ನಿರ್ಧಾರ ಮಾಡಿದೆವು: ಚರ್ಮ ಒಂದು ಬಿಟ್ಟು ಬೇರೆ ಯಾವುದೂ ಬದಲಾಗದ ಹಾಗೆ ಫೋಟೋ ತೆಗೆಯಬೇಕು.

ಭಾನುವಾರ ಬೆಳಿಗ್ಗೆ ಹತ್ತು ಗಂಟೆ, ಸ್ನಾನಕ್ಕೆ ಮೊದಲು. ಸ್ನಾನದ ನಂತರ ತೆಗೆದರೆ ಒದ್ದೆ ಕೂದಲು ಚರ್ಮಕ್ಕೆ ಅಂಟಿಕೊಂಡು ಬೋಳು ಜಾಗ ದೊಡ್ಡದಾಗಿ ಕಾಣುತ್ತದೆ, ಉಜ್ಜಿದ್ದಕ್ಕೆ ಚರ್ಮವೂ ಸ್ವಲ್ಪ ಕೆಂಪಾಗಿರುತ್ತದೆ. ದಿನಾ ತೆಗೆಯುವ ಅಗತ್ಯ ಬೀಳಲಿಲ್ಲ. ಒಂದು ದಿನದಲ್ಲಿ ಕಣ್ಣಿಗೆ ಕಾಣುವಷ್ಟು ಬದಲಾವಣೆ ಆಗುವುದಿಲ್ಲ, ನಾಯಿಗೂ ಬೇಸರ.

ಜಾಗ ನಡುಮನೆಯ ಉತ್ತರದ ಕಿಟಕಿ ಪಕ್ಕ. ಅಲ್ಲಿ ನೇರ ಬಿಸಿಲು ಬೀಳುವುದಿಲ್ಲ, ಬೆಳಕು ಮಾತ್ರ ಬರುತ್ತದೆ. ಟ್ಯೂಬ್‌ಲೈಟ್, ಬಲ್ಬು ಎಲ್ಲ ಆರಿಸುತ್ತೇವೆ, ಯಾಕೆಂದರೆ ಹಳದಿ ಬಲ್ಬಿನಲ್ಲಿ ಆರೋಗ್ಯವಾದ ಚರ್ಮವೂ ಕೆಂಪು ಕಾಣುತ್ತದೆ, ಫ್ಲ್ಯಾಶ್ ಹಾಕಿದರೆ ನಿಜವಾದ ಕೆಂಪೂ ಬಿಳಿಚಿಕೊಂಡು ಮಾಯವಾಗುತ್ತದೆ. ನೆಲದಲ್ಲಿ ಬಿಳಿ ಬೆಡ್‌ಶೀಟ್.

ಬೆಡ್‌ಶೀಟ್ ಯಾಕೆ ಬೇಕು ಅನ್ನುವುದು ಮೂರನೇ ವಾರ ಗೊತ್ತಾಯಿತು. ಅವತ್ತು ಅದು ಒಗೆಯಲು ಹೋಗಿತ್ತು, ಸುಮ್ನೆ ನೆಲದ ಮೇಲೇ ತೆಗೆದೆ. ಹೊಟ್ಟೆ ಪೂರ್ತಿ ಕೆಂಪಾಗಿತ್ತು! ರೋಗ ಹರಡಿತು ಅಂತ ಮನೆಯವರೆಲ್ಲ ಹೆದರಿದೆವು. ಆಮೇಲೆ ಗಮನಿಸಿದರೆ ಅವಳ ಬಿಳಿ ಉಗುರು ಕೂಡ ಕೆಂಪಾಗಿ ಬಂದಿತ್ತು. ನಮ್ಮದು ಮೈಸೂರಿನ ಹಳೆ ಮನೆ, ಕೆಂಪು ಗಾರೆ ನೆಲ. ನೆಲದ ಬಣ್ಣವೇ ಬೆಳಕಿನ ಜೊತೆ ಎದ್ದು ಹೊಟ್ಟೆಗೆ ಹೊಡೆದಿತ್ತು. ಶೀಟು ಹಾಸಿ ಮತ್ತೆ ತೆಗೆದಾಗ ಹೊಟ್ಟೆ ಹಿಂದಿನ ವಾರದ ಹಾಗೇ ಇತ್ತು. ಆಮೇಲೆ ಪ್ರತಿ ಫೋಟೋದಲ್ಲೂ ಮೂಲೆಯಲ್ಲಿ ಸ್ವಲ್ಪ ಬಿಳಿ ಬಟ್ಟೆ ಬರುವ ಹಾಗೆ ನೋಡಿಕೊಂಡೆ. ಬಟ್ಟೆ ಬಿಳಿಯಾಗಿ ಕಾಣದಿದ್ದರೆ ಚರ್ಮದ ಬಣ್ಣವನ್ನೂ ನಂಬುವ ಹಾಗಿಲ್ಲ.

ಕೋನಗಳು ಒಟ್ಟು ಹತ್ತು. ಎಡ ಪಕ್ಕ, ಬಲ ಪಕ್ಕ, ಮುಖ, ಹೊಟ್ಟೆ, ನಾಲ್ಕು ಪಾದಗಳು ಬೆರಳು ಅಗಲಿಸಿ, ಕೊನೆಗೆ ಕಾಯಿಲೆ ಇದ್ದ ಎರಡು ಜಾಗ ಹತ್ತಿರದಿಂದ. ಪ್ರತಿ ಸಲ ಇದೇ ಕ್ರಮ. ಅಮ್ಮ ಹಿಡಿದುಕೊಳ್ಳುತ್ತಾರೆ, ನಾನು ಮಂಡಿಯೂರಿ ಅವಳ ಎತ್ತರಕ್ಕೆ ಇಳಿದು ತೆಗೆಯುತ್ತೇನೆ. ನಿಂತು ಮೇಲಿನಿಂದ ತೆಗೆದರೆ ಬೆನ್ನು ದೊಡ್ಡದು, ಕಾಲು ಚಿಕ್ಕದು. ನನ್ನ ಮಂಡಿಗೆ ಒಂದು, ಅವಳ ಮುಂಗಾಲಿಗೆ ಒಂದು ಅಂತ ನೆಲದಲ್ಲಿ ಟೇಪು ಅಂಟಿಸಿದೆವು, ದೂರ ತಾನಾಗೇ ಒಂದೇ ಆಗುತ್ತದೆ.

ಹತ್ತಿರದ ಫೋಟೋಗೆ ಫೋನನ್ನು ಮೂಗಿಗೆ ಹಿಡಿದಷ್ಟು ಹತ್ತಿರ ಒಯ್ಯಬೇಡಿ. ಮಧ್ಯದ ಭಾಗ ಉಬ್ಬಿ ಗಾಯ ದೊಡ್ಡದಾಗಿ ಕಾಣುತ್ತದೆ, ಫೋನಿನ ನೆರಳೂ ಬೀಳುತ್ತದೆ. ನಾನು ಒಂದೂವರೆ ಅಡಿ ದೂರದಿಂದ ಎರಡು ಪಟ್ಟು ಜೂಮ್ ಮಾಡುತ್ತೇನೆ. ಫೋನಿನ ಸ್ಕ್ರೀನಿನಲ್ಲಿ ಚರ್ಮ ಕಾಣುವ ಜಾಗಕ್ಕೆ ಬೆರಳಿಟ್ಟು ಫೋಕಸ್ ಮಾಡಿ ಆಮೇಲೆ ಕ್ಲಿಕ್, ಇಲ್ಲದಿದ್ದರೆ ಫೋನು ಬಿಳಿ ಶೀಟನ್ನೇ ನೋಡಿ ನಾಯಿಯನ್ನು ಕಪ್ಪು ಮಾಡಿಬಿಡುತ್ತದೆ. ಬ್ಯೂಟಿ ಫಿಲ್ಟರ್ ಆಫ್ ಇರಲಿ, ಅದು ಗುಳ್ಳೆಗಳನ್ನೇ ಅಳಿಸಿಹಾಕುತ್ತದೆ. ಅಳತೆಗೆ ಟೈಲರ್ ಟೇಪಿನ ತುಂಡನ್ನು ಚರ್ಮದ ಮಟ್ಟದಲ್ಲೇ ಹಿಡಿಯುತ್ತೇವೆ. ನಾಣ್ಯ ಇಡುವವರಿದ್ದಾರೆ, ಆದರೆ ಮರಿ ನುಂಗಿಬಿಟ್ಟರೆ ಕಷ್ಟ ಅಲ್ವಾ?

ಕಾಯಿಲೆ ಇಲ್ಲದ ಪಾದಗಳನ್ನೂ ಯಾಕೆ ತೆಗೆಯಬೇಕು ಅಂತ ಅಮ್ಮ ಕೇಳಿದ್ದರು. ನಾಲ್ಕನೇ ವಾರ ಎಡ ಹಿಂಗಾಲಿನ ಬೆರಳ ಸಂದು ಸ್ವಲ್ಪ ಕೆಂಪು ಅನ್ನಿಸಿತು. ಮೊದಲಿಂದ ಹೀಗೇ ಇತ್ತಾ? ಮೊದಲ ವಾರದ ಫೋಟೋ ತೆಗೆದು ನೋಡಿದರೆ ಅಲ್ಲಿ ಏನೂ ಇರಲಿಲ್ಲ. ಎರಡು ದಿನದಲ್ಲಿ ಮೇಡಂ ಹತ್ತಿರ ಹೋದೆವು, ಬ್ಯಾಕ್ಟೀರಿಯಾ ಸೋಂಕು ಶುರುವಾಗಿತ್ತು.

ಅದು ಫೋಟೋಗೂ ಮೊದಲು ನೋಟ್ಸಿನಲ್ಲಿ ಸುಳಿವು ಕೊಟ್ಟಿತ್ತು. ನೂರು ಪುಟದ ಒಂದು ನೋಟ್‌ಬುಕ್, ವಾರಕ್ಕೆ ನಾಲ್ಕೈದು ಸಾಲು. ಮಾತ್ರೆ ಕೊಟ್ಟ ದಿನ, ಸ್ನಾನ, ತೂಕ, ಹೊಸದಾಗಿ ಕಂಡದ್ದು, ಮತ್ತೆ ಕೆರೆತಕ್ಕೆ 0ಯಿಂದ 10ರವರೆಗೆ ಒಂದು ಅಂಕ. ಅಂಕವನ್ನು ನಾನು ಮತ್ತು ಅಮ್ಮ ಬೇರೆ ಬೇರೆಯಾಗಿ, ಫೋಟೋ ನೋಡುವ ಮೊದಲೇ ಬರೆಯುತ್ತೇವೆ. ಡೆಮೊಡೆಕ್ಸ್ ಒಂದೇ ಇದ್ದರೆ ಕೆರೆತ ಅಷ್ಟಾಗಿ ಇರುವುದಿಲ್ಲ, ಸೋಂಕು ಸೇರಿದಾಗ ಏರುತ್ತದೆ. ಆ ವಾರ ಇಬ್ಬರ ಅಂಕವೂ 2ರಿಂದ 5ಕ್ಕೆ ಹೋಗಿತ್ತು. "ಪರವಾಗಿಲ್ಲ", "ಸ್ವಲ್ಪ ವಾಸಿ" ಅಂತ ಬರೆದರೆ ತಿಂಗಳ ನಂತರ ಅದಕ್ಕೆ ಅರ್ಥವೇ ಇರುವುದಿಲ್ಲ. "ಬಲ ಮುಂಗಾಲು, ಬೋಳು 6 ಸೆಂ.ಮೀ., ಗುಳ್ಳೆ ಮೂರು" ಅಂತ ಬರೆಯಬೇಕು.

ಫೋಟೋಗೆ ಹೆಸರು ಹೀಗೆ: `W04-08.jpg`, ಅಂದರೆ ನಾಲ್ಕನೇ ವಾರ, ಎಂಟನೇ ಕೋನ. ಮೇಡಂಗೆ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸುತ್ತೇನೆ. ಮಾಮೂಲಿ ಫೋಟೋ ಥರ ಕಳಿಸಿದರೆ ಕುಗ್ಗಿ, ಸಣ್ಣ ಗುಳ್ಳೆಗಳು ಕಲಸಿಹೋಗುತ್ತವೆ.

ಹೋಲಿಸುವಾಗ ಪಕ್ಕದ ವಾರಗಳನ್ನು ಇಟ್ಟುಕೊಂಡರೆ ಬರೀ ಗೊಂದಲ. ಒಂದು ಮತ್ತು ಐದು ಇಟ್ಟು ನೋಡಿದಾಗ ಕಾಲಿನ ಕೆಂಪು ಹೋಗಿ ಚರ್ಮ ಕಪ್ಪಾಗಿತ್ತು. ನೋಡಲು ಮೊದಲಿಗಿಂತ ಕೆಟ್ಟದಾಗಿತ್ತು. ಮೇಡಂ ಮುಟ್ಟಿ ನೋಡಿ, "ಉರಿಯೂತ ಇಳಿದ ಮೇಲೆ ಹೀಗೆ ಕಪ್ಪಾಗುತ್ತದೆ, ಚರ್ಮ ದಪ್ಪ ಆಗಿಲ್ಲ, ಬಿಸಿಯೂ ಇಲ್ಲ" ಅಂದರು. ಆ ದಪ್ಪ, ಬಿಸಿ, ವಾಸನೆ ಯಾವುದೂ ಫೋಟೋದಲ್ಲಿ ಬರುವುದಿಲ್ಲ, ಅದಕ್ಕೇ ಆಮೇಲಿಂದ ಅವನ್ನೂ ನೋಟ್‌ಬುಕ್ಕಿಗೆ ಸೇರಿಸಿದೆ.

ಎಂಟನೇ ವಾರದ ಫೋಟೋ ನೋಡಿದರೆ ಕಾಯಿಲೆ ಮುಗಿದೇ ಹೋಗಿದೆ ಅನ್ನಿಸುತ್ತದೆ. ಕಾಲ ಮೇಲೆ ಮೆತ್ತಗಿನ ಕೂದಲು, ಕಣ್ಣಿನ ಸುತ್ತಲೂ ತುಂಬಿತ್ತು. ಮಾತ್ರೆ ನಿಲ್ಲಿಸೋಣ ಅಂದೆ. ಮೇಡಂ ಮತ್ತೆ ಕೆರೆದು ನೋಡಿದರು, ನುಸಿ ಇನ್ನೂ ಇತ್ತು. ಮೊಟ್ಟೆ, ಮರಿ ನುಸಿಗಳು ಮೊದಲಿಗಿಂತ ಕಡಿಮೆ, ಅಷ್ಟೇ. ಕೂದಲು ಮೊದಲು ಬರುತ್ತದೆ, ನುಸಿ ಆಮೇಲೆ ಹೋಗುತ್ತದೆ. ಫೋಟೋ ನಂಬಿ ಅವತ್ತು ನಿಲ್ಲಿಸಿದ್ದರೆ ಎಲ್ಲ ಮರಳಿ ಬರುತ್ತಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಸಲ ಕೆರೆದಾಗಲೂ ನುಸಿ ಸಿಗದಿದ್ದರೆ ಮಾತ್ರ ಔಷಧಿ ನಿಲ್ಲಿಸುವುದು.

ನಮಗೆ ಆ ಎರಡನೇ ಸಲ ಬಂದದ್ದು ಹದಿನೇಳನೇ ವಾರ. ಮರುಕಳಿಸಬಹುದು, ಒಂದು ವರ್ಷ ಕಣ್ಣಿಡಿ ಅಂದಿದ್ದಾರೆ. ಹಾಗಾಗಿ ಈಗ ತಿಂಗಳ ಮೊದಲ ಭಾನುವಾರ ಬಿಳಿ ಶೀಟು ಹಾಸಿ ಮೂರೇ ಫೋಟೋ ತೆಗೆಯುತ್ತೇವೆ: ಎಡಗಣ್ಣು, ಬಲ ಮುಂಗಾಲು, ಎಡ ಹಿಂಗಾಲಿನ ಬೆರಳ ಸಂದು. ಶೀಟು ಕಂಡರೆ ಸಾಕು, ಚಿನ್ನಿ ತಾನೇ ಬಂದು ಟೇಪಿನ ಮೇಲೆ ನಿಲ್ಲುತ್ತಾಳೆ.