ಪಿನ್ ಕೋಡ್ ಓದುವುದು ಹೇಗೆ? ಚಿಂತಾಮಣಿಯ ಪತ್ರಕ್ಕೆ ಚಿಕ್ಕಬಳ್ಳಾಪುರದ ಸಂಖ್ಯೆ ಬೇಡ

ಲಗ್ನಪತ್ರಿಕೆಗಳಿಗೆ ವಿಳಾಸ ಬರೆಯುವವರನ್ನು ಎಷ್ಟೋ ಸಲ ನೋಡಿದ್ದೇನೆ. ಚಿಂತಾಮಣಿಯ ನೆಂಟರ ಹೆಸರಿನ ಕೆಳಗೆ ‘ಚಿಕ್ಕಬಳ್ಳಾಪುರ ಜಿಲ್ಲೆ’ ಎಂದು ಬರೆದ ಕೈ, ತಾನಾಗಿಯೇ 562101 ಎಂದು ಸೇರಿಸಿಬಿಡುತ್ತದೆ. ಅದು ಚಿಕ್ಕಬಳ್ಳಾಪುರ ಪಟ್ಟಣದ ಸಂಖ್ಯೆ. ಚಿಂತಾಮಣಿಯದು 563125. ಪತ್ರ ತಪ್ಪು ಊರಿಗೆ ಹೋಗಿ, ಅಲ್ಲಿಂದ ಮತ್ತೆ ಹೊರಡುವಷ್ಟರಲ್ಲಿ ಧಾರೆ ಮುಗಿದಿರುತ್ತದೆ.

ಮೊದಲ ಅಂಕಿ 5 ಎಂದರೆ ಕರ್ನಾಟಕ, ಆಂಧ್ರ, ತೆಲಂಗಾಣದ ವಲಯ. ಮೊದಲ ಎರಡು ಅಂಕಿ 56ರಿಂದ 59ರೊಳಗಿದ್ದರೆ ನಮ್ಮ ರಾಜ್ಯ.

ಮೂರು ಅಂಕಿ ಸೇರಿದರೆ ವಿಂಗಡಣಾ ಜಿಲ್ಲೆ. ಜನ ಎಡವುವುದು ಇಲ್ಲಿಯೇ. ಇದು ಅಂಚೆ ಚೀಲಗಳನ್ನು ವಿಂಗಡಿಸಲು ಮಾಡಿಕೊಂಡ ಜಿಲ್ಲೆ. ಜಿಲ್ಲಾಧಿಕಾರಿ ಕಚೇರಿಯ ಗಡಿಗೂ ಇದಕ್ಕೂ ತಾಳೆಯಾಗಬೇಕೆಂದಿಲ್ಲ. ಪಿನ್ ಕೋಡ್ ಜಾರಿಗೆ ಬಂದದ್ದು 1972ರಲ್ಲಿ, ಚಿಕ್ಕಬಳ್ಳಾಪುರ ಕೋಲಾರದಿಂದ ಬೇರೆಯಾದದ್ದು 2007ರಲ್ಲಿ. ಹಾಗಾಗಿ ಚಿಂತಾಮಣಿ ಇಂದಿಗೂ ಕೋಲಾರದ 563ರಲ್ಲಿದೆ. ಚಿಕ್ಕಬಳ್ಳಾಪುರ ಜಿಲ್ಲೆಯದೇ ಆದ ಗೌರಿಬಿದನೂರು 561208, ಬಾಗೇಪಲ್ಲಿ 561207. ತುಮಕೂರು 572101 ಆದರೆ ಅದೇ ಜಿಲ್ಲೆಯ ಪಾವಗಡ 561202. ಜಿಲ್ಲೆಯ ಹೆಸರು ನೋಡಿ ಪಿನ್ ಊಹಿಸಲೇಬೇಡಿ. ಹಳೆಯ ಡೈರಿಗಳ ಹಿಂದೆ ಅಚ್ಚಾದ ಪಟ್ಟಿಯನ್ನೂ ನಾನು ನಂಬುವುದಿಲ್ಲ.

ಕೊನೆಯ ಮೂರು ಅಂಕಿ ಬಟವಾಡೆ ಮಾಡುವ ಕಚೇರಿಯನ್ನು ಹೇಳುತ್ತವೆ. ಆದರೆ ಹಳ್ಳಿಗಳ ಶಾಖಾ ಅಂಚೆ ಕಚೇರಿಗಳಿಗೆ ಸಾಮಾನ್ಯವಾಗಿ ಸ್ವಂತ ಸಂಖ್ಯೆ ಇರುವುದಿಲ್ಲ; ತಮ್ಮ ಮೇಲಿನ ಉಪ ಅಂಚೆ ಕಚೇರಿಯ ಪಿನ್ನನ್ನೇ ಹಲವು ಶಾಖೆಗಳು ಹಂಚಿಕೊಳ್ಳುತ್ತವೆ. ಅಂದರೆ ಪಿನ್ ನಿಮ್ಮ ಪತ್ರವನ್ನು ಉಪ ಕಚೇರಿಯ ಮೇಜಿನವರೆಗೆ ತರುತ್ತದೆ, ಅಷ್ಟೆ. ಅಲ್ಲಿಂದ ಅದು ಯಾವ ಶಾಖೆಯ ಚೀಲಕ್ಕೆ ಬೀಳಬೇಕು ಎಂಬುದನ್ನು ವಿಳಾಸದ ‘ಅಂಚೆ’ ಎಂಬ ಸಾಲು ಹೇಳಬೇಕು. ಊರಿನ ಹೆಸರೂ ಅಂಚೆಯ ಹೆಸರೂ ಬೇರೆಯಾಗಿದ್ದರೆ ಎರಡನ್ನೂ ಬರೆಯಿರಿ: ಮನೆಯ ಹಿರಿಯರ ಹೆಸರು, ಗ್ರಾಮ, ಅಂಚೆ, ತಾಲ್ಲೂಕು, ಕೊನೆಗೆ ಪಿನ್. ಒಂದೇ ಹೆಸರಿನ ಊರು ಎರಡು ತಾಲ್ಲೂಕುಗಳಲ್ಲಿದ್ದರೆ ಈ ಸಾಲೇ ಆಧಾರ.

ಅಂಚೆ ಇಲಾಖೆಯ ಜಾಲತಾಣದಲ್ಲಿ ಪಿನ್ ಹಾಕಿ ಹುಡುಕಿದರೆ ಕಚೇರಿಗಳ ಪಟ್ಟಿ ಬರುತ್ತದೆ. ಹೆಸರಿನ ಮುಂದೆ B.O ಎಂದಿದ್ದರೆ ಶಾಖೆ, S.O ಎಂದಿದ್ದರೆ ಉಪ ಕಚೇರಿ, H.O ಎಂದಿದ್ದರೆ ಪ್ರಧಾನ ಕಚೇರಿ. ನಿಮ್ಮ ಊರಿನ ಅಂಚೆ ಆ ಪಟ್ಟಿಯಲ್ಲಿ ಕಾಣದಿದ್ದರೆ ಪಿನ್ ತಪ್ಪಾಗಿರಬಹುದು. ಮೊಬೈಲ್ ತಾನೇ ತುಂಬಿಸುವ ಪಿನ್ನನ್ನೂ ಹೀಗೆಯೇ ಒಮ್ಮೆ ಪರೀಕ್ಷಿಸಿ.

ಇನ್ನು ಅಂಚೆಯಣ್ಣ ಯಾವ ದಾರಿಯಲ್ಲಿ ಬರುತ್ತಾರೆ ಎಂಬುದು ಆರು ಅಂಕಿಗಳಲ್ಲಿ ಎಲ್ಲಿಯೂ ಇಲ್ಲ. ಪಟ್ಟಣದಲ್ಲಿ ಬೀದಿಗಳನ್ನು ಬೀಟ್‌ಗಳಾಗಿ ಹಂಚುವುದು ಆಯಾ ಕಚೇರಿಯವರು. ಅಲ್ಲಿ ಪತ್ರವನ್ನು ಸರಿಯಾದ ಬೀಟ್‌ಗೆ ಹಾಕಿಸುವುದು ಬಡಾವಣೆ, ಅಡ್ಡರಸ್ತೆ ಮತ್ತು ಮನೆ ಸಂಖ್ಯೆ. ನಿಮ್ಮ ಬೀದಿ ಯಾವ ಬೀಟ್‌ನಲ್ಲಿದೆ ಎಂದು ತಿಳಿಯಬೇಕಾದರೆ ಬಟವಾಡೆ ಕಚೇರಿಯಲ್ಲಿ ಬೆಳಿಗ್ಗೆ ಪತ್ರ ವಿಂಗಡಿಸುವ ಹೊತ್ತಿಗೆ ಹೋಗಿ ಕೇಳಿ.