ಬ್ಯಾಕ್‌ವಾಶ್ ಆದ ಮೇಲಿನ ಕಲಕು ಟ್ರೆಂಡ್‌ನಲ್ಲಿ ಕಾಣುವಂತೆ ಮಾಡುವುದು ಹೇಗೆ?

ನೀರು ಶುದ್ಧೀಕರಣ ಘಟಕವೊಂದರಲ್ಲಿ ಫಿಲ್ಟರ್‌ನ ಬ್ಯಾಕ್‌ವಾಶ್, ಅಂದರೆ ನೀರನ್ನು ಹಿಮ್ಮುಖವಾಗಿ ಹಾಯಿಸಿ ಅದನ್ನು ತೊಳೆಯುವ ಕೆಲಸದ ಬಗ್ಗೆ ಆಪರೇಟರ್ ನನ್ನ ಜೊತೆ ವಾದಕ್ಕೆ ನಿಂತಿದ್ದರು. ‘ಬ್ಯಾಕ್‌ವಾಶ್ ಮಾಡಿದ ಮೇಲೆ ಅರ್ಧ ಗಂಟೆ ನೀರು ಕಲಕಾಗಿ ಬರುತ್ತೆ ಸಾರ್, ಮೀಟರ್‌ನಲ್ಲೇ ನೋಡಿದ್ದೀನಿ.’ ಪ್ಲಾಂಟ್ ಮೇಲೆ ಕಣ್ಣಿಡುವ ಸ್ಕಾಡಾ ಕಂಪ್ಯೂಟರ್‌ನ ಟ್ರೆಂಡ್‌ನಲ್ಲಿ ಮಾತ್ರ ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆ. ಆಪರೇಟರ್ ಹೇಳಿದ್ದೇ ಸರಿ. ಆ ಏರಿಕೆಯನ್ನು ಹಿಸ್ಟೋರಿಯನ್, ಅಂದರೆ ರೀಡಿಂಗ್‌ಗಳನ್ನು ವರ್ಷಗಟ್ಟಲೆ ಕೂಡಿಡುವ ಡೇಟಾಬೇಸ್, ಬರೆದುಕೊಂಡೇ ಇರಲಿಲ್ಲ. ಇದೇ ತಪ್ಪನ್ನು ಬೇರೆ ಕಡೆಯೂ ನೋಡಿದ್ದೇನೆ.

1. ಗಡಿಯಾರ ಸರಿ ಮಾಡಿ. ಮೀಟರ್ ಓದುವ ಪಿಎಲ್‌ಸಿ, ರೀಡಿಂಗ್ ಕೂಡಿಡುವ ಸರ್ವರ್ ಎರಡೂ ಒಂದೇ ಟೈಮ್ ಸರ್ವರ್ ನೋಡಿಕೊಳ್ಳಲಿ.

2. ಎಷ್ಟು ಸಲ ಓದಬೇಕು? ಟರ್ಬಿಡಿಟಿಗೆ, ಅಂದರೆ ನೀರಿನ ಕಲಕಿಗೆ, 5 ಸೆಕೆಂಡಿಗೊಂದು ಸಾಕು.

3. ಕಂಪ್ರೆಷನ್ ಹೊಂದಿಸಿ. ಎಲ್ಲರೂ ಎಡವುವುದು ಇಲ್ಲೇ. ರೀಡಿಂಗ್ ಎರಡು ಜರಡಿ ದಾಟಿ ಡಿಸ್ಕ್ ಸೇರುತ್ತದೆ. ಮೊದಲನೆಯದು ಎಕ್ಸೆಪ್ಷನ್. ಹಿಂದೆ ಕಳಿಸಿದ ರೀಡಿಂಗ್‌ಗಿಂತ ಇಷ್ಟಾದರೂ ಬದಲಾಗದಿದ್ದರೆ ಹೊಸದನ್ನು ಕಳಿಸುವುದೇ ಇಲ್ಲ. ಎರಡನೆಯದು ‘ಸ್ವಿಂಗಿಂಗ್ ಡೋರ್’ ಕಂಪ್ರೆಷನ್. ಇದು ಕೊನೆಗೆ ಉಳಿಸಿದ ಬಿಂದುವಿನಿಂದ ಈಗಿನ ರೀಡಿಂಗ್‌ವರೆಗೆ ಒಂದು ನೇರ ಗೆರೆ ಎಳೆಯಬಹುದೇ ಎಂದು ನೋಡುತ್ತದೆ. ನಡುವಿನ ರೀಡಿಂಗ್‌ಗಳೆಲ್ಲ ನಾವು ಕೊಟ್ಟ ಅಳತೆಯೊಳಗೆ ಗೆರೆಯ ಹತ್ತಿರವೇ ಇದ್ದರೆ ಎಲ್ಲವನ್ನೂ ಬಿಸಾಡುತ್ತದೆ. ಗೆರೆ ಹೊಂದದೇ ಹೋದಾಗ ಮಾತ್ರ ಅದಕ್ಕೆ ಮುಂಚಿನ ಬಿಂದುವನ್ನು ಉಳಿಸುತ್ತದೆ.

ಆ ಪ್ಲಾಂಟ್‌ನಲ್ಲಿ ಆದದ್ದು ಹೀಗೆ. ಟ್ಯಾಗ್, ಅಂದರೆ ಹಿಸ್ಟೋರಿಯನ್‌ನಲ್ಲಿ ಆ ಮೀಟರ್‌ನ ಖಾತೆ, ಮಾಡಿದವರು ರೇಂಜ್ ಅನ್ನು ಸುಮ್ನೆ 0–100 ಎನ್‌ಟಿಯು ಎಂದು ಬಿಟ್ಟಿದ್ದರು. ಎನ್‌ಟಿಯು ಎಂದರೆ ಕಲಕಿನ ಅಳತೆ. ಕಂಪ್ರೆಷನ್ ಇದ್ದದ್ದು ರೇಂಜ್‌ನ ಶೇ 0.2. ಕೇಳಲು ಚಿಕ್ಕದು, ಅಲ್ವಾ? ಲೆಕ್ಕ ಹಾಕಿದರೆ 0.2 ಎನ್‌ಟಿಯು. ಫಿಲ್ಟರ್ ದಾಟಿದ ನೀರು ಇದ್ದದ್ದು 0.15ರಲ್ಲಿ. ಬ್ಯಾಕ್‌ವಾಶ್ ಆದ 10 ನಿಮಿಷಕ್ಕೆ 0.32ಕ್ಕೆ ಏರಿತು, 40 ನಿಮಿಷಕ್ಕೆ ಮತ್ತೆ 0.16ಕ್ಕೆ ಇಳಿಯಿತು. ಏರಿದ್ದು 0.17. ಅದು 0.2ಕ್ಕಿಂತ ಕಡಿಮೆ. ಹಾಗಾಗಿ 0.15ರಿಂದ 0.16ರವರೆಗೆ ಒಂದೇ ನೇರ ಗೆರೆ ಸಾಕಾಯಿತು, ನಡುವಿನ ಗುಡ್ಡ ಮಾಯ. ಕುಡಿಯುವ ನೀರಿನ ಐಎಸ್ 10500 ಮಾನದಂಡದಲ್ಲಿ ಟರ್ಬಿಡಿಟಿಯ ಒಪ್ಪಿತ ಮಿತಿಯೇ 1 ಎನ್‌ಟಿಯು. ಅಂಥ ಕಡೆ 0.2 ಎಂದರೆ ಮಿತಿಯ ಐದನೇ ಒಂದು ಪಾಲು.

ಸರಿಯಾದ ಸಂಖ್ಯೆ ಹುಡುಕಲು ಎರಡೂ ಜರಡಿಗಳನ್ನು ಪೂರ್ತಿ ಆಫ್ ಮಾಡಿ. ಫಿಲ್ಟರ್ ನೆಮ್ಮದಿಯಾಗಿ ಓಡುತ್ತಿರುವಾಗ ಒಂದು ಗಂಟೆ ದಾಖಲಿಸಿ. ಸುಮ್ಮನೆ ಅಲುಗಾಡುವ ಗೆರೆ ಎಷ್ಟು ಮೇಲೆ ಕೆಳಗೆ ಹೋಗುತ್ತದೆ ನೋಡಿ. ನಮ್ಮಲ್ಲಿ ಅದು 0.02ರೊಳಗಿತ್ತು. ಕಂಪ್ರೆಷನ್‌ಗೆ ಅಷ್ಟೇ ಕೊಡಿ, ಎಕ್ಸೆಪ್ಷನ್‌ಗೆ ಅದರ ಅರ್ಧ. ಶೇಕಡಾದಲ್ಲಿ ಕೊಡಲೇಬೇಡಿ, ನೇರ ಎನ್‌ಟಿಯುನಲ್ಲೇ ಕೊಡಿ. ನಾಳೆ ಯಾರೋ ರೇಂಜ್ ಬದಲಿಸಿದರೂ ಆಗ ಇದು ಕೆಡುವುದಿಲ್ಲ. ಹೆಸರುಗಳು ಸಾಫ್ಟ್‌ವೇರ್‌ಗೊಂದು ಥರ, ನಾವು ಬಳಸಿದ್ದರಲ್ಲಿ ಹೀಗಿತ್ತು:

```
ExcDev  = 0.01
CompDev = 0.02
ExcMax  = 600
CompMax = 3600
```

ಕೊನೆಯ ಎರಡು ಸಂಖ್ಯೆಗಳು ಸೆಕೆಂಡುಗಳಲ್ಲಿ. ಏನೂ ಬದಲಾಗದಿದ್ದರೂ ಗಂಟೆಗೊಂದು ಬಿಂದು ಬರಲಿ ಎಂದು.

‘ಡಿಸ್ಕ್ ತುಂಬಿಬಿಡುತ್ತೆ’ ಎನ್ನುವವರಿಗೆ ಒಂದು ಲೆಕ್ಕ. 5 ಸೆಕೆಂಡಿಗೊಂದರಂತೆ ಒಂದು ಟ್ಯಾಗ್‌ಗೆ ದಿನಕ್ಕೆ 17,280 ರೀಡಿಂಗ್. 300 ಟ್ಯಾಗ್‌ಗೆ ಸುಮಾರು 52 ಲಕ್ಷ. ಇವತ್ತಿನ ಡಿಸ್ಕ್‌ಗೆ ಇದೇನು ಮಹಾ! ಸಣ್ಣ ಪ್ಲಾಂಟ್ ಆದರೆ ಟರ್ಬಿಡಿಟಿ, ಕ್ಲೋರಿನ್ ಟ್ಯಾಗ್‌ಗಳಿಗೆ ಕಂಪ್ರೆಷನ್ ಬೇಡವೇ ಬೇಡ ಎಂದರೂ ನನ್ನದೇನೂ ತಕರಾರಿಲ್ಲ.

ಇನ್ನೊಂದು ಮಾತು. ಎಕ್ಸೆಪ್ಷನ್ ದಾಟಿದಾಗ ಒಳ್ಳೆ ಸಾಫ್ಟ್‌ವೇರ್ ಹೊಸ ರೀಡಿಂಗ್ ಜೊತೆ ಅದಕ್ಕಿಂತ ಮುಂಚಿನದನ್ನೂ ಕಳಿಸುತ್ತದೆ. ಕೆಲವು ಅಗ್ಗದವು ಕಳಿಸುವುದಿಲ್ಲ. ಆಗ ದಿಢೀರ್ ಏರಿದ್ದು ನಿಧಾನವಾಗಿ ಏರಿದ ಇಳಿಜಾರಿನಂತೆ ಕಾಣುತ್ತದೆ. ಅಂಥದ್ದನ್ನು ಕೊಳ್ಳಬೇಡಿ.

4. ಪಂಪ್, ವಾಲ್ವ್. ಕಂಪ್ರೆಷನ್ ಆಫ್, ಗೆರೆ ಮೆಟ್ಟಿಲಿನಂತೆ. ಇಲ್ಲದಿದ್ದರೆ ಪಂಪ್ ಅರ್ಧ ಆನ್ ಆದಂತೆ ತೋರಿಸುತ್ತದೆ.

5. ಟ್ರೆಂಡ್ ಪರದೆ. ಒಂದು ಫಿಲ್ಟರ್‌ಗೆ ಒಂದು ಪರದೆ, ನಾಲ್ಕೇ ಗೆರೆ: ಟರ್ಬಿಡಿಟಿ, ಫಿಲ್ಟರ್ ದಾಟುವಾಗ ನೀರು ಕಳೆದುಕೊಳ್ಳುವ ಒತ್ತಡವಾದ ಹೆಡ್‌ಲಾಸ್, ಹರಿವು, ಬ್ಯಾಕ್‌ವಾಶ್ ನಡೆಯುತ್ತಿದೆಯೇ ಎಂಬುದು. ಹದಿನಾರು ಗೆರೆ ತುಂಬಿದ ಪರದೆಯನ್ನು ಯಾರೂ ನೋಡುವುದಿಲ್ಲ. ಟರ್ಬಿಡಿಟಿ ಸ್ಕೇಲ್ 0ರಿಂದ 1ಕ್ಕೆ ಕಟ್ಟಿಹಾಕಿ. ಆಟೋಸ್ಕೇಲ್ ಬಿಟ್ಟರೆ 0.01ರ ಅಲುಗಾಟವೂ ಬೆಟ್ಟದಂತೆ ಕಾಣುತ್ತದೆ, ಆಪರೇಟರ್ ಎರಡು ದಿನ ಗಾಬರಿಯಾಗಿ ಮೂರನೇ ದಿನ ನೋಡುವುದನ್ನೇ ಬಿಡುತ್ತಾರೆ. ಸಂಪರ್ಕ ಕಡಿದಾಗ ಗೆರೆಯೂ ಕಡಿಯಲಿ. ಎರಡು ತುದಿ ಸೇರಿಸಿ ನೇರ ಗೆರೆ ಎಳೆಯುವ ಆಯ್ಕೆಯನ್ನು ಹುಡುಕಿ ಆಫ್ ಮಾಡಿ.

6. ಪರೀಕ್ಷೆ. ಮುಂದಿನ ಬ್ಯಾಕ್‌ವಾಶ್ ದಿನ ಅದೇ ಮೀಟರ್‌ಗೆ ಎರಡೂ ಜರಡಿ ಇಲ್ಲದ ಇನ್ನೊಂದು ಟ್ಯಾಗ್ ಮಾಡಿ, ಎರಡನ್ನೂ ಒಂದೇ ಪರದೆಯಲ್ಲಿ ಒಂದರ ಮೇಲೊಂದು ಹಾಕಿ. ಗುಡ್ಡದ ತುದಿ ಎರಡರಲ್ಲೂ 0.02ರೊಳಗೆ ಕೂಡಬೇಕು. ಕೂಡದಿದ್ದರೆ ಮೊದಲು ನೋಡಬೇಕಾದದ್ದು ಎಕ್ಸೆಪ್ಷನ್. ಅಲ್ಲಿ ನಿಂತುಹೋದ ರೀಡಿಂಗ್ ಕಂಪ್ರೆಷನ್ ತನಕ ಬಂದೇ ಇರುವುದಿಲ್ಲ.