ಡಾಲರ್ ಬಿಲ್ಲು, ರೂಪಾಯಿ ಜಮೆ: ನಡುವೆ ಕಡಿತವಾಗುವ ಹಣವನ್ನು ಲೆಕ್ಕ ಹಾಕುವುದು ಹೇಗೆ?

ಹೊರದೇಶದ ಗ್ರಾಹಕರಿಗೆ ಇಲ್ಲಿಂದಲೇ ಕೆಲಸ ಮಾಡಿಕೊಡುವ ಲೆಕ್ಕಿಗರು, ವಿನ್ಯಾಸಕಾರರು ಮತ್ತು ಸಲಹೆಗಾರರು ಹಣ ತರಿಸಿಕೊಳ್ಳುವ ದಾರಿಯನ್ನು ಆರಿಸುವಾಗ ಸಾಮಾನ್ಯವಾಗಿ ಶುಲ್ಕದ ಅಂಕಿಯೊಂದನ್ನೇ ನೋಡುತ್ತಾರೆ. ಶುಲ್ಕ ಕಣ್ಣಿಗೆ ಕಾಣುವ ಖರ್ಚು. ಡಾಲರನ್ನು ರೂಪಾಯಿಗೆ ಬದಲಾಯಿಸುವ ದರದಲ್ಲಿ ಅಡಗಿರುವ ಖರ್ಚು ಯಾವ ರಸೀದಿಯಲ್ಲೂ ಪ್ರತ್ಯೇಕವಾಗಿ ನಮೂದಾಗುವುದಿಲ್ಲ. ಆದ್ದರಿಂದ ಎಲ್ಲ ದಾರಿಗಳನ್ನೂ ಒಂದೇ ಅಳತೆಯಿಂದ ಅಳೆಯಬೇಕು. ಆ ಅಳತೆ ಹೀಗಿದೆ:

ನಿವ್ವಳ ದರ = ಖಾತೆಗೆ ಕೊನೆಗೆ ಉಳಿದ ರೂಪಾಯಿ ÷ ಬಿಲ್ಲಿನಲ್ಲಿ ಬರೆದ ಡಾಲರ್

ಈ ದರವನ್ನು ಅದೇ ದಿನದ ಮಾರುಕಟ್ಟೆ ದರದೊಂದಿಗೆ ಹೋಲಿಸಬೇಕು. ರೂಪಾಯಿ–ಡಾಲರ್ ಉಲ್ಲೇಖ ದರವನ್ನು ಎಫ್‌ಬಿಐಎಲ್ ಸಂಸ್ಥೆಯು ಪ್ರತಿ ಕೆಲಸದ ದಿನ ಮಧ್ಯಾಹ್ನ ಪ್ರಕಟಿಸುತ್ತದೆ. ಹೋಲಿಕೆಗೆ ಅದು ಸಾಕು.

ಹುಬ್ಬಳ್ಳಿಯ ಒಬ್ಬ ಲೆಕ್ಕಪರಿಶೋಧನಾ ಸಹಾಯಕಿ ಅಮೆರಿಕದ ಟೆಕ್ಸಾಸ್‌ನ ಒಂದು ಸಣ್ಣ ಸಂಸ್ಥೆಯ ಲೆಕ್ಕಪುಸ್ತಕ ಬರೆದುಕೊಟ್ಟು 2,000 ಡಾಲರ್ ಬಿಲ್ಲು ಕಳುಹಿಸಿದ್ದಾರೆ ಎಂದಿಟ್ಟುಕೊಳ್ಳೋಣ. ಆ ದಿನದ ಮಾರುಕಟ್ಟೆ ದರ ಡಾಲರಿಗೆ 85 ರೂಪಾಯಿ ಎಂದೂ ಭಾವಿಸೋಣ. ಏನೂ ಕಡಿತವಾಗದಿದ್ದರೆ ಅವರಿಗೆ 1,70,000 ರೂಪಾಯಿ ಬರಬೇಕು. ಮುಂದೆ ಬಳಸಿರುವ ದರ ಮತ್ತು ಶುಲ್ಕಗಳು ಲೆಕ್ಕದ ವಿಧಾನವನ್ನು ತೋರಿಸಲು ತೆಗೆದುಕೊಂಡವು. ಓದುಗರು ತಮ್ಮ ಬ್ಯಾಂಕಿನ ಅಂಕಿಗಳನ್ನು ಅವುಗಳ ಜಾಗದಲ್ಲಿ ಇಟ್ಟು ನೋಡಬೇಕು.

ಮೊದಲ ದಾರಿ: ಬ್ಯಾಂಕಿನಿಂದ ಬ್ಯಾಂಕಿಗೆ

ಸ್ವಿಫ್ಟ್ ಎಂಬ ಬ್ಯಾಂಕುಗಳ ಅಂತರರಾಷ್ಟ್ರೀಯ ಸಂದೇಶ ಜಾಲದ ಮೂಲಕ ಹಣ ಕಳುಹಿಸಿದಾಗ ಗ್ರಾಹಕರ ಬ್ಯಾಂಕಿನಿಂದ ನಮ್ಮ ಬ್ಯಾಂಕಿಗೆ ಡಾಲರ್ ನೇರವಾಗಿ ಬರುವುದು ಅಪರೂಪ. ನಮ್ಮ ಬ್ಯಾಂಕು ಅಮೆರಿಕದ ಯಾವುದೋ ದೊಡ್ಡ ಬ್ಯಾಂಕಿನಲ್ಲಿ ತನ್ನ ಡಾಲರ್ ಖಾತೆಯನ್ನು ಇಟ್ಟುಕೊಂಡಿರುತ್ತದೆ, ಹಣ ಮೊದಲು ಅಲ್ಲಿಗೆ ತಲುಪುತ್ತದೆ. ಈ ಮಧ್ಯವರ್ತಿ ಬ್ಯಾಂಕು ತನ್ನ ಶುಲ್ಕವನ್ನು ಬರುವ ಮೊತ್ತದಿಂದಲೇ ಮುರಿದುಕೊಳ್ಳಬಹುದು. ಮುರಿದುಕೊಳ್ಳುತ್ತದೆಯೇ ಇಲ್ಲವೇ ಎಂಬುದು ಗ್ರಾಹಕರು ಅರ್ಜಿಯಲ್ಲಿ ಗುರುತು ಹಾಕುವ ಮೂರು ಅಕ್ಷರಗಳನ್ನು ಅವಲಂಬಿಸಿದೆ. OUR ಎಂದರೆ ಎಲ್ಲ ಶುಲ್ಕವೂ ಕಳುಹಿಸುವವರದು, SHA ಎಂದರೆ ಹಂಚಿಕೆ, BEN ಎಂದರೆ ಎಲ್ಲವೂ ಪಡೆಯುವವರದು. ಯಾರೂ ಏನೂ ಹೇಳದಿದ್ದರೆ ಸಾಮಾನ್ಯವಾಗಿ SHA ಉಳಿದುಕೊಳ್ಳುತ್ತದೆ.

SHA ಆಯ್ಕೆಯಲ್ಲಿ 20 ಡಾಲರ್ ಕಡಿತವಾಗಿ 1,980 ಡಾಲರ್ ತಲುಪಿತು ಎನ್ನೋಣ. ಬ್ಯಾಂಕು ತನ್ನ ಫಲಕದ ಟಿಟಿ ಖರೀದಿ ದರ, ಅಂದರೆ ಬ್ಯಾಂಕಿನ ಮೂಲಕ ಬಂದ ಡಾಲರನ್ನು ಕೊಳ್ಳಲು ತಾನು ಪ್ರಕಟಿಸಿದ ದರ, 84.15 ರೂಪಾಯಿಯಂತೆ ಅದನ್ನು ಬದಲಾಯಿಸುತ್ತದೆ: 1,66,617 ರೂಪಾಯಿ. ಇದರಿಂದ ಬ್ಯಾಂಕಿನ ಸೇವಾ ಶುಲ್ಕವೆಂದು ಜಿಎಸ್‌ಟಿ ಸೇರಿ 295 ರೂಪಾಯಿ ಹೋಗುತ್ತದೆ. ಹಣ ಪರಿವರ್ತನೆಯ ಮೇಲೆ ಬೇರೆಯೇ ಒಂದು ಜಿಎಸ್‌ಟಿ ಇದೆ: ಒಂದು ಲಕ್ಷ ರೂಪಾಯಿವರೆಗೆ ಮೊತ್ತದ ಶೇ 0.18, ಆದರೆ ಕನಿಷ್ಠ 45 ರೂಪಾಯಿ. ಒಂದು ಲಕ್ಷ ದಾಟಿದರೆ ಹತ್ತು ಲಕ್ಷದವರೆಗೆ 180 ರೂಪಾಯಿ ಮತ್ತು ಹೆಚ್ಚುವರಿ ಮೊತ್ತದ ಶೇ 0.09. ನಮ್ಮ ಲೆಕ್ಕದಲ್ಲಿ ಅದು ಸುಮಾರು 240 ರೂಪಾಯಿ. ಕೊನೆಗೆ ಉಳಿಯುವುದು 1,66,082 ರೂಪಾಯಿ, ಅಂದರೆ ನಿವ್ವಳ ದರ 83.04.

ಗ್ರಾಹಕರು OUR ಆರಿಸಿ 2,000 ಡಾಲರ್ ಪೂರ್ತಿಯಾಗಿ ತಲುಪಿದರೆ ನಿವ್ವಳ ದರ 83.88ಕ್ಕೆ ಏರುತ್ತದೆ. ಅದರ ಮೇಲೆ ಶಾಖೆಯ ವಿದೇಶಿ ವಿನಿಮಯ ವಿಭಾಗದೊಂದಿಗೆ ಮಾತನಾಡಿ ಫಲಕದ ದರಕ್ಕಿಂತ 40 ಪೈಸೆ ಹೆಚ್ಚು ಕೊಡಿಸಿಕೊಂಡರೆ 84.28 ಆಗುತ್ತದೆ. ಫಲಕದ ದರವೇ ಅಂತಿಮವೆಂದು ಹೆಚ್ಚಿನವರು ನಂಬಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ: ಪ್ರತಿ ತಿಂಗಳು ಹಣ ಬರುವ ಗ್ರಾಹಕರಿಗೆ ಉತ್ತಮ ದರ ಕೊಡುವ ಅವಕಾಶ ಬ್ಯಾಂಕುಗಳಿಗಿದೆ, ಆದರೆ ಕೇಳದವರಿಗೆ ಅದು ತಾನಾಗಿ ಸಿಗುವುದಿಲ್ಲ. ದರವನ್ನು ಹಣ ಬದಲಾಗುವ ಮೊದಲೇ ಕೇಳಬೇಕು. ಜಮೆಯಾದ ಮೇಲೆ ಕೇಳಿ ಪ್ರಯೋಜನವಿಲ್ಲ.

ಎರಡನೆಯ ದಾರಿ: ಪೇಪಾಲ್ ಮತ್ತು ಕಾರ್ಡ್ ಗೇಟ್‌ವೇಗಳು

ಪೇಪಾಲ್ 2021ರ ಏಪ್ರಿಲ್‌ನಿಂದ ಭಾರತದೊಳಗಿನ ಪಾವತಿಗಳನ್ನು ನಿಲ್ಲಿಸಿ ಹೊರದೇಶದ ಪಾವತಿಗಳಿಗಷ್ಟೇ ಸೀಮಿತವಾಗಿದೆ. ಇಲ್ಲಿನ ಬಳಕೆದಾರರು ಅದರಲ್ಲಿ ಹಣ ಇಟ್ಟುಕೊಳ್ಳುವಂತಿಲ್ಲ. ಅದು ತಾನಾಗಿಯೇ ಬ್ಯಾಂಕ್ ಖಾತೆಗೆ ವರ್ಗವಾಗುತ್ತದೆ. ಆದ್ದರಿಂದ ಡಾಲರ್ ದರ ಏರಲೆಂದು ಕಾಯುವ ಅವಕಾಶವೂ ಇಲ್ಲಿಲ್ಲ. ಶೇ 4.4 ಶುಲ್ಕ ಮತ್ತು 30 ಸೆಂಟ್ ಕಳೆದು, ಉಳಿದದ್ದನ್ನು ಮಾರುಕಟ್ಟೆ ದರಕ್ಕಿಂತ ಶೇ 3ರಷ್ಟು ಕಡಿಮೆ ದರದಲ್ಲಿ ಬದಲಾಯಿಸಿದರೆ ನಮ್ಮ ಸಹಾಯಕಿಗೆ ಸುಮಾರು 1,57,620 ರೂಪಾಯಿ ಬರುತ್ತದೆ. ನಿವ್ವಳ ದರ 78.81. ಒಂದೇ ಬಿಲ್ಲಿನಲ್ಲಿ ಮಾರುಕಟ್ಟೆ ದರದ 1,70,000ಕ್ಕಿಂತ ಹನ್ನೆರಡು ಸಾವಿರಕ್ಕೂ ಹೆಚ್ಚು ರೂಪಾಯಿ ಕಡಿಮೆ.

ಗ್ರಾಹಕರ ಕಾರ್ಡಿನಿಂದ ಹಣ ಪಡೆದು ನಮಗೆ ತಲುಪಿಸುವ ಕಾರ್ಡ್ ಗೇಟ್‌ವೇಗಳ ಶುಲ್ಕ ಇದಕ್ಕಿಂತ ಕಡಿಮೆ ಇರಬಹುದು, ಆದರೆ ಕಾರ್ಡಿನ ಪಾವತಿಗೆ ಇನ್ನೊಂದು ತೊಂದರೆ ಇದೆ. ಗ್ರಾಹಕರು ತಮ್ಮ ಕಾರ್ಡ್ ಕಂಪನಿಗೆ ತಕರಾರು ಸಲ್ಲಿಸಿದರೆ ವಾರಗಳ ನಂತರವೂ ಹಣ ಹಿಂದಕ್ಕೆ ಹೋಗಬಹುದು. ಹೊಸ ಗ್ರಾಹಕರಿಂದ ದೊಡ್ಡ ಮೊತ್ತವನ್ನು ಕಾರ್ಡಿನಲ್ಲಿ ಪಡೆಯುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಮೂರನೆಯ ದಾರಿ: ಅಲ್ಲಿನ ಸ್ಥಳೀಯ ಖಾತೆ ಸಂಖ್ಯೆ

ಕೆಲವು ಸೇವೆಗಳು ನಮ್ಮ ಹೆಸರಿನಲ್ಲಿ ಅಮೆರಿಕದ ಖಾತೆ ಸಂಖ್ಯೆಯೊಂದನ್ನು ಕೊಡುತ್ತವೆ. ಗ್ರಾಹಕರು ತಮ್ಮ ದೇಶದೊಳಗೆ ಹಣ ಕಳುಹಿಸಿದಂತೆ ಕಳುಹಿಸುತ್ತಾರೆ, ಮಧ್ಯವರ್ತಿ ಬ್ಯಾಂಕಿನ ಕಡಿತವಿರುವುದಿಲ್ಲ. ಮಾರುಕಟ್ಟೆ ದರದಲ್ಲೇ ಬದಲಾಯಿಸಿ, ಶೇ 1 ಶುಲ್ಕ ಮತ್ತು ಅದರ ಮೇಲೆ ಶೇ 18 ಜಿಎಸ್‌ಟಿ ಪಡೆಯುವ ಸೇವೆಯಾದರೆ 1,67,994 ರೂಪಾಯಿ ಬರುತ್ತದೆ. ನಿವ್ವಳ ದರ 84. ಆದರೆ ‘ಶುಲ್ಕವಿಲ್ಲ’ ಎಂದು ಹೇಳಿಕೊಳ್ಳುವ ಸೇವೆಯು ಅದೇ ಹಣವನ್ನು ದರದಲ್ಲಿ ಪಡೆಯುತ್ತಿರಬಹುದು. ಮೇಲಿನ ಸೂತ್ರಕ್ಕೆ ಹಾಕಿದರೆ ಅದು ತಕ್ಷಣ ತಿಳಿಯುತ್ತದೆ.

ಇಂಥ ಸೇವೆಯನ್ನು ಒಪ್ಪಿಕೊಳ್ಳುವ ಮೊದಲು ಅದಕ್ಕೆ ಗಡಿಯಾಚೆಗಿನ ಪಾವತಿ ನಡೆಸಲು ರಿಸರ್ವ್ ಬ್ಯಾಂಕಿನ ಅನುಮತಿ ಇದೆಯೇ, ಅಥವಾ ಅನುಮತಿ ಇರುವ ಬ್ಯಾಂಕಿನ ಮೂಲಕ ಅದು ಕೆಲಸ ಮಾಡುತ್ತಿದೆಯೇ ಎಂದು ನೋಡಬೇಕು. ಈ ಸಂಸ್ಥೆಗಳನ್ನು ನೇರ ಮೇಲ್ವಿಚಾರಣೆಗೆ ತರುವ ಸುತ್ತೋಲೆಯನ್ನು ರಿಸರ್ವ್ ಬ್ಯಾಂಕ್ 2023ರ ಅಕ್ಟೋಬರ್ 31ರಂದು ಹೊರಡಿಸಿತು. ಆ ಸುತ್ತೋಲೆಯು ಅವುಗಳ ಮೂಲಕ ಪಡೆಯಬಹುದಾದ ಪಾವತಿಗೆ ಸರಕು ಅಥವಾ ಸೇವೆಯ ಒಂದು ಘಟಕಕ್ಕೆ 25 ಲಕ್ಷ ರೂಪಾಯಿಯ ಮಿತಿ ಹಾಕಿತ್ತು.

ಮೊತ್ತ ಬದಲಾದರೆ ಉತ್ತರವೂ ಬದಲಾಗುತ್ತದೆ

ಅದೇ ಸಹಾಯಕಿಯ ಬಿಲ್ಲು 200 ಡಾಲರ್ ಆಗಿದ್ದರೆ ಚಿತ್ರವೇ ಬೇರೆ. ಸ್ವಿಫ್ಟ್‌ನ 20 ಡಾಲರ್ ಕಡಿತವೂ ಬ್ಯಾಂಕಿನ 295 ರೂಪಾಯಿಯೂ ಹಾಗೆಯೇ ಉಳಿಯುವುದರಿಂದ ನಿವ್ವಳ ದರ 74ಕ್ಕೆ ಕುಸಿಯುತ್ತದೆ, ಪೇಪಾಲ್ 78.70 ಕೊಡುತ್ತದೆ, ಸ್ಥಳೀಯ ಖಾತೆಯ ದಾರಿ 84ರಲ್ಲೇ ಇರುತ್ತದೆ. ಸಣ್ಣ ಮೊತ್ತಗಳಿಗೆ ಶೇಕಡಾವಾರು ಶುಲ್ಕ, ದೊಡ್ಡ ಮೊತ್ತಗಳಿಗೆ ನಿಗದಿತ ಶುಲ್ಕ ಲಾಭಕರ. ಸ್ವಿಫ್ಟ್ ಅನಿವಾರ್ಯವಾದರೆ ನಾಲ್ಕು ವಾರದ ಬಿಲ್ಲುಗಳನ್ನು ಸೇರಿಸಿ ತಿಂಗಳಿಗೊಮ್ಮೆ ಪಡೆಯುವುದು ಒಳ್ಳೆಯದು.

ಕಾಗದಪತ್ರ

ಅಗ್ಗದ ದಾರಿಯೆಂದು ತಿಳಿದು ಕೆಲವರು ಮನೆಮಂದಿಗೆ ಹಣ ಕಳುಹಿಸುವ ಹಣ ವರ್ಗಾವಣೆ ಸೇವೆಗಳ ಮೂಲಕ ಕೆಲಸದ ಸಂಭಾವನೆಯನ್ನು ತರಿಸಿಕೊಳ್ಳುತ್ತಾರೆ. ಆ ಸೇವೆಗಳು ವೈಯಕ್ತಿಕ ಹಣಕ್ಕೆ ಮಾತ್ರ. ವ್ಯವಹಾರದ ಹಣಕ್ಕೆ ಅವುಗಳಲ್ಲಿ ಅವಕಾಶವಿಲ್ಲ. ಒಳಬರುವ ಪ್ರತಿ ಪಾವತಿಗೂ ಉದ್ದೇಶ ಸಂಕೇತ ಇರುತ್ತದೆ. ಲೆಕ್ಕಪತ್ರ ಸೇವೆಗೆ P1005, ವ್ಯವಹಾರ ಸಲಹೆಗೆ P1006, ಜಾಹೀರಾತಿಗೆ P1007. ಸಂಭಾವನೆಯು ಕುಟುಂಬ ನಿರ್ವಹಣೆಯ P1301 ಅಡಿ ದಾಖಲಾದರೆ ಅದು ಸೇವೆಯ ರಫ್ತು ಎಂದು ಮುಂದೆ ತೋರಿಸುವುದು ಕಷ್ಟವಾಗುತ್ತದೆ.

ಹಣ ಬಂದ ಮೇಲೆ ಬ್ಯಾಂಕಿನಿಂದ ಎಫ್‌ಐಆರ್‌ಎ ಎಂಬ ಒಳಪಾವತಿ ಸೂಚನಾ ಪತ್ರವನ್ನು ಪಡೆದು ಬಿಲ್ಲಿನೊಂದಿಗೆ ಇಡಬೇಕು. ಸೇವೆಯ ರಫ್ತಿಗೆ ಜಿಎಸ್‌ಟಿ ಶೂನ್ಯ ದರ ಸಿಗಬೇಕಾದರೆ ಹಣವು ಪರಿವರ್ತನೀಯ ವಿದೇಶಿ ವಿನಿಮಯದಲ್ಲಿ, ಅಥವಾ ರಿಸರ್ವ್ ಬ್ಯಾಂಕ್ ಒಪ್ಪಿದ ಕಡೆ ರೂಪಾಯಿಯಲ್ಲಿ ಬಂದಿರಬೇಕು. ಈ ಪತ್ರವೇ ಅದಕ್ಕೆ ಪುರಾವೆ. ಜಿಎಸ್‌ಟಿ ನೋಂದಣಿ ಇದ್ದವರು ತೆರಿಗೆ ಕಟ್ಟದೆ ರಫ್ತು ಮಾಡಲು ಪ್ರತಿ ಹಣಕಾಸು ವರ್ಷವೂ RFD-11 ನಮೂನೆಯಲ್ಲಿ ಮುಚ್ಚಳಿಕೆ ಸಲ್ಲಿಸಬೇಕು. ಶುಲ್ಕ ಕಡಿತವಾಗಿ ಬಂದಿದ್ದರೂ ಆದಾಯವೆಂದು ಬರೆಯಬೇಕಾದ್ದು ಬಿಲ್ಲಿನ ಪೂರ್ಣ ಮೊತ್ತ. ಶುಲ್ಕವನ್ನು ಖರ್ಚಿನಲ್ಲಿ ತೋರಿಸಬೇಕು. ಹೀಗಾಗಿ ಕಡಿತದ ವಿವರವಿರುವ ಹೇಳಿಕೆಯನ್ನೂ ಕಾಪಾಡಿಕೊಳ್ಳಬೇಕು.

ಡಾಲರಿನಲ್ಲೇ ಖರ್ಚು ಇರುವವರು ಇಇಎಫ್‌ಸಿ ಎಂಬ ವಿದೇಶಿ ಕರೆನ್ಸಿ ಖಾತೆಯನ್ನು ತಮ್ಮ ಬ್ಯಾಂಕಿನಲ್ಲಿ ವಿಚಾರಿಸಬಹುದು. ಗಳಿಕೆಯನ್ನು ಅದರಲ್ಲಿ ಡಾಲರಾಗಿಯೇ ಇಡಬಹುದು, ಬಡ್ಡಿ ಇಲ್ಲ, ಬಳಸದೆ ಉಳಿದದ್ದನ್ನು ಮುಂದಿನ ತಿಂಗಳ ಕೊನೆಯೊಳಗೆ ರೂಪಾಯಿಗೆ ಬದಲಾಯಿಸಬೇಕು.

ಗ್ರಾಹಕರಿಗೆ ಕಳುಹಿಸಬೇಕಾದ ಸೂಚನೆ

ಹಣ ತಡವಾಗಲು ಮುಖ್ಯ ಕಾರಣ ಬಿಲ್ಲಿನ ಅಡಿಯಲ್ಲಿರುವ ಅಪೂರ್ಣ ವಿವರ. ಖಾತೆದಾರರ ಹೆಸರು ಪಾಸ್‌ಬುಕ್‌ನಲ್ಲಿ ಇರುವಂತೆಯೇ ಇರಬೇಕು. ಖಾತೆ ಸಂಖ್ಯೆ, ಬ್ಯಾಂಕಿನ 8 ಅಥವಾ 11 ಅಕ್ಷರಗಳ ಸ್ವಿಫ್ಟ್ ಸಂಕೇತ, ಶಾಖೆಯ ವಿಳಾಸ ಮತ್ತು ಬ್ಯಾಂಕು ತಿಳಿಸಿದ ಅಮೆರಿಕದ ಮಧ್ಯವರ್ತಿ ಬ್ಯಾಂಕಿನ ಹೆಸರು ಇರಬೇಕು. ಅಮೆರಿಕದ ಅರ್ಜಿಗಳು ಒಂಬತ್ತು ಅಂಕಿಗಳ ರೂಟಿಂಗ್ ಸಂಖ್ಯೆ ಕೇಳುತ್ತವೆ. ಭಾರತದ ಖಾತೆಗೆ ಅಂಥದ್ದಿಲ್ಲವೆಂದೂ ‘ಅಂತರರಾಷ್ಟ್ರೀಯ ವರ್ಗಾವಣೆ’ಯನ್ನು ಆರಿಸಬೇಕೆಂದೂ ಗ್ರಾಹಕರಿಗೆ ಮೊದಲೇ ಬರೆಯಬೇಕು. ಪಾವತಿಯ ವಿವರದ ಜಾಗದಲ್ಲಿ ಬಿಲ್ಲಿನ ಸಂಖ್ಯೆ ಮತ್ತು ಸೇವೆಯ ಹೆಸರು ಬರೆಯಲು ಕೇಳಬೇಕು.

ಇನ್ನೊಂದು ವಿಷಯ: ಗ್ರಾಹಕರ ಬ್ಯಾಂಕು ‘ರೂಪಾಯಿಯಲ್ಲೇ ಕಳುಹಿಸಿ, ಶುಲ್ಕವಿಲ್ಲ’ ಎಂದು ಸೂಚಿಸಬಹುದು. ಅದಕ್ಕೆ ಒಪ್ಪಿದರೆ ಪರಿವರ್ತನೆ ಅಲ್ಲೇ ಆಗುತ್ತದೆ, ದರ ಆ ಬ್ಯಾಂಕಿನದು, ನಾವು ಇಲ್ಲಿ ಚೌಕಾಸಿ ಮಾಡಲು ಏನೂ ಉಳಿಯುವುದಿಲ್ಲ. ಡಾಲರಿನಲ್ಲೇ, OUR ಎಂಬ ಆಯ್ಕೆಯೊಂದಿಗೆ ಕಳುಹಿಸಿ ಎಂದು ಒಪ್ಪಂದದಲ್ಲೇ ಬರೆದುಕೊಳ್ಳುವುದು ಲೇಸು.

ಒಂದು ವಾರವಾದರೂ ಹಣ ಬರದಿದ್ದರೆ ಅಥವಾ ಕಡಿಮೆ ಬಂದಿದ್ದರೆ, ಗ್ರಾಹಕರಿಂದ MT103 ಎಂಬ ಪಾವತಿ ಸಂದೇಶದ ಪ್ರತಿ ಅಥವಾ ಅವರ ಬ್ಯಾಂಕು ಈಗ ಬಳಸುವ ಅದಕ್ಕೆ ಸಮನಾದ ಪತ್ರವನ್ನು ತರಿಸಿಕೊಳ್ಳಬೇಕು. ಅದರಲ್ಲಿ UETR ಎಂಬ ಉದ್ದನೆಯ ಗುರುತು ಸಂಖ್ಯೆ ಇರುತ್ತದೆ. ಅದನ್ನು ನಮ್ಮ ಬ್ಯಾಂಕಿಗೆ ಕೊಟ್ಟರೆ ಹಣ ಯಾವ ಬ್ಯಾಂಕಿನಲ್ಲಿ ನಿಂತಿದೆ, ಎಲ್ಲಿ ಎಷ್ಟು ಕಡಿತವಾಗಿದೆ ಎಂಬುದನ್ನು ಅವರು ಪತ್ತೆ ಮಾಡಬಲ್ಲರು. ಹಲವು ಬಾರಿ ಹಣ ನಮ್ಮ ಬ್ಯಾಂಕಿಗೇ ಬಂದು, ಉದ್ದೇಶ ಸಂಕೇತವನ್ನೂ ಬಿಲ್ಲಿನ ಪ್ರತಿಯನ್ನೂ ಕೇಳಿದ ಮಿಂಚಂಚೆಗೆ ಉತ್ತರ ಸಿಗದ ಕಾರಣ ನಿಂತಿರುತ್ತದೆ. ಉತ್ತರ ಕೊಡದೆ ಬಿಟ್ಟರೆ ಅದು ಮರಳಿ ಗ್ರಾಹಕರಿಗೆ ಹೋಗಬಹುದು, ಹೋಗುವಾಗ ಇನ್ನೊಮ್ಮೆ ಶುಲ್ಕ ಕಡಿತವಾಗಬಹುದು.